ಪದಚರ್ಚೆ: ಐದು ನಿಮಿಷದಲ್ಲಿ ಬಸ್ ನಿಲ್ದಾಣ ಮುಟ್ಟಬಹುದಾದ ಪ್ರದೇಶಕ್ಕೆ ಏನೆನ್ನೋಣ?

ಸುಮಾ, ಮೈಸೂರು

ಎಲ್ಲರಿಗೂ ನಮಸ್ಕಾರ. ವಾರ್ಡ್ ಸಮಿತಿಗಳಿಗಾಗಿ ನಗರ ಸಾರಿಗೆಯ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಅಧ್ಯಾಯದಲ್ಲಿ ತೊಡಕಾಗಿದೆ.

ನಕ್ಷೆಯಲ್ಲಿ ಬಸ್ ನಿಲ್ದಾಣವನ್ನು ನಡುವಿಟ್ಟು 400 ಮೀಟರ್ ತ್ರಿಜ್ಯದ ವೃತ್ತ ಎಳೆದು, ಅದರೊಳಗಿನ ಮನೆಗಳಿಗೆಲ್ಲ ಬಸ್ಸಿನ ಸೌಲಭ್ಯವಿದೆ ಎಂದು ಎಣಿಸುವುದು ಹಳೆಯ ರೂಢಿ. ಈ ವೃತ್ತವನ್ನು ಬಫರ್ ಎನ್ನುತ್ತಾರೆ. ನಾನು ವಿವರಿಸಬೇಕಾದದ್ದು ಬೇರೆ ವಿಧಾನ. ನಿಲ್ದಾಣದಿಂದ ಹೊರಟು ಬೀದಿ, ಓಣಿ, ಕಾಲುದಾರಿಗಳ ಮೇಲೆಯೇ ನಡೆದರೆ ಐದು ನಿಮಿಷದೊಳಗೆ ಎಲ್ಲೆಲ್ಲಿಗೆ ಹೋಗಬಹುದೋ ಅಷ್ಟನ್ನು ಮಾತ್ರ ಇಲ್ಲಿ ಗುರುತಿಸುತ್ತಾರೆ. ಇಂಗ್ಲಿಷಿನವರು ಎರಡನ್ನೂ ಕ್ಯಾಚ್‌ಮೆಂಟ್ ಎಂದು ಬಿಡುತ್ತಾರೆ.

"ವ್ಯಾಪ್ತಿ" ಎಂದು ಬರೆದು ನೋಡಿದೆ. ಆದರೆ ಪೊಲೀಸ್ ಠಾಣೆಯ ವ್ಯಾಪ್ತಿ, ಪಂಚಾಯಿತಿಯ ವ್ಯಾಪ್ತಿ ಎನ್ನುವಾಗ ಯಾರೋ ಆದೇಶ ಹೊರಡಿಸಿ ಎಳೆದ ಗಡಿ ಮನಸ್ಸಿಗೆ ಬರುತ್ತದೆ. ಇಲ್ಲಿ ಗಡಿಯನ್ನು ನಿರ್ಧರಿಸುವುದು ನಡೆಯುವವರ ಕಾಲು. ಒಳ್ಳೆಯ ಪದ ಹೊಳೆದರೆ ತಿಳಿಸಿ.

ಶಿವಣ್ಣ, ಚಿತ್ರದುರ್ಗ

ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಕ್ಯಾಚ್‌ಮೆಂಟಿಗೆ ಜಲಾನಯನ ಪ್ರದೇಶ ಎಂಬುದು ದಶಕಗಳಿಂದ ಬಳಕೆಯಲ್ಲಿದೆ. ಕೆರೆಗಳ ಕೆಲಸದಲ್ಲಿ ನನ್ನ ಸೇವೆಯೆಲ್ಲ ಕಳೆಯಿತು. ದಿಬ್ಬದ ನೆತ್ತಿ ಹಿಡಿದು ಗಡಿ ಗುರುತಿಸುತ್ತಿದ್ದೆವು. ಅದರ ಈಚೆ ಬಿದ್ದ ಹನಿ ಈ ಕೆರೆಗೆ, ಆಚೆ ಬಿದ್ದದ್ದು ಇನ್ನೊಂದಕ್ಕೆ. ಬಸ್ ನಿಲ್ದಾಣದ ಬಳಿ ನೀರು ನಿಲ್ಲುವ ಸಮಸ್ಯೆಗೂ ಇದೇ ಲೆಕ್ಕ ಹೊಂದುತ್ತದೆ. ಚರಂಡಿಯ ಇಳಿಜಾರನ್ನು ಮೊದಲು ಅಳೆಯಲು ಸಮಿತಿಯವರಿಗೆ ಹೇಳಿ.

ನವೀನ, ಬೆಂಗಳೂರು

ಶಿವಣ್ಣನವರೇ, ಸುಮಾ ಅವರು ಕೇಳಿದ್ದು ಚರಂಡಿಯ ವಿಚಾರವಲ್ಲ. ಆದರೂ ನೀವು ಕೊಟ್ಟ ವಿವರಣೆ ಈ ಚರ್ಚೆಗೆ ಬಹಳ ಉಪಯುಕ್ತ. ಒಂದು ಹನಿ ಒಂದೇ ಕೆರೆಗೆ ಸೇರುತ್ತದೆ, ಆದರೆ ಒಂದು ಮನೆಯಿಂದ ಮೂರು ಬಸ್ ನಿಲ್ದಾಣಗಳಿಗೆ ಐದೈದು ನಿಮಿಷದಲ್ಲಿ ಹೋಗಬಹುದು. ಆಗ ಮೂರರ ಪ್ರದೇಶಗಳೂ ಒಂದರ ಮೇಲೊಂದು ಹರಡುತ್ತವೆ. ಪ್ರತಿ ನಿಲ್ದಾಣದ ಜನಸಂಖ್ಯೆಯನ್ನು ಬೇರೆಬೇರೆಯಾಗಿ ಎಣಿಸಿ ಕೂಡಿಸಿದರೆ ಆ ಮನೆಯವರು ಮೂರು ಸಲ ಲೆಕ್ಕಕ್ಕೆ ಬರುತ್ತಾರೆ. ಪ್ರತಿ ಮನೆಯನ್ನೂ ಅದಕ್ಕೆ ಅತಿ ಹತ್ತಿರದ ನಿಲ್ದಾಣಕ್ಕೆ ಹಂಚಿದರೆ ಮಾತ್ರ ಕೆರೆಯ ಲೆಕ್ಕಕ್ಕೆ ಸಮನಾಗುತ್ತದೆ. ಹಾಗಾಗಿ ಸುಮಾ ಅವರಿಗೆ ಎರಡು ಪದ ಬೇಕು: ನಡೆದು ಮುಟ್ಟಬಹುದಾದದ್ದಕ್ಕೆ ಒಂದು, ಹಂಚಿಕೆಯಲ್ಲಿ ಬಂದದ್ದಕ್ಕೆ ಇನ್ನೊಂದು.

ವೃತ್ತ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಬೆಂಗಳೂರಿನ ಹೊರವರ್ತುಲ ರಸ್ತೆಯಂಥ ರಸ್ತೆಯನ್ನು ನೆನೆಯಿರಿ. ನಿಲ್ದಾಣದ ನೇರ ಎದುರಿಗೆ, ರಸ್ತೆಯ ಆಚೆ, 60 ಮೀಟರ್ ದೂರದಲ್ಲಿ ಒಂದು ಮನೆ. ನಡುವೆ ದಾಟಲಾಗದ ತಡೆ. ದಾಟಲು ಇರುವ ಸ್ಕೈವಾಕ್ 200 ಮೀಟರ್ ಆಚೆಗಿದೆ ಎಂದುಕೊಳ್ಳಿ. ಮನೆಯವರು 200 ಮೀಟರ್ ನಡೆದು, ಮೆಟ್ಟಿಲು ಹತ್ತಿ, 60 ಮೀಟರ್ ದಾಟಿ, ಇಳಿದು, ಮತ್ತೆ 200 ಮೀಟರ್ ಹಿಂದಕ್ಕೆ ಬರಬೇಕು. ಒಟ್ಟು 460 ಮೀಟರ್. ನಿಮಿಷಕ್ಕೆ 80 ಮೀಟರಿನಂತೆ ಆರು ನಿಮಿಷಕ್ಕೆ ತುಸು ಕಡಿಮೆ. ಹತ್ತಿ ಇಳಿಯಲು ಒಂದೂವರೆ ನಿಮಿಷ ಸೇರಿಸಿದರೆ ಏಳು ದಾಟಿತು. ವೃತ್ತದಲ್ಲಿ ಈ ಮನೆ ಬಹುತೇಕ ಕೇಂದ್ರದಲ್ಲಿದೆ. ಐದು ನಿಮಿಷದ ಲೆಕ್ಕದಲ್ಲಿ ಅದು ಹೊರಗೇ ಉಳಿಯುತ್ತದೆ.

ಮನೆಯ ಬದಿಯಲ್ಲಿಯೂ ಒಂದು ನಿಲ್ದಾಣ ಇರಬಹುದಲ್ಲ ಎಂದು ನೀವು ಕೇಳಬಹುದು. ಇರುತ್ತದೆ, ಆದರೆ ಅದು ಎದುರು ದಿಕ್ಕಿನ ಬಸ್ಸಿಗೆ. ಬೆಳಿಗ್ಗೆ ಅಲ್ಲಿ ಹತ್ತಿದವರು ಸಂಜೆ ಈಚೆ ಬದಿಯಲ್ಲಿ ಇಳಿಯುತ್ತಾರೆ. ಆದ್ದರಿಂದ ಎರಡು ಬದಿಯ ನಿಲ್ದಾಣಗಳಿಗೂ ಪ್ರತ್ಯೇಕವಾಗಿ ಲೆಕ್ಕ ಮಾಡಿ, ಎರಡೂ ಎಟುಕುವ ಮನೆಗಳನ್ನು ಮಾತ್ರ ಒಳಗೆ ಸೇರಿಸುವುದು ನ್ಯಾಯ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಪ್ರಸಾದ್, ಮಂಗಳೂರು

ಇಷ್ಟೆಲ್ಲ ಶ್ರಮ ಯಾಕೆ? ನಡೆಯುವ ದೂರ ಸಾಮಾನ್ಯವಾಗಿ ನೇರ ದೂರದ 1.3 ಪಟ್ಟು ಎಂದು ಇಟ್ಟುಕೊಳ್ಳುತ್ತಾರೆ. 400ನ್ನು 1.3ರಿಂದ ಭಾಗಿಸಿ, ಸುಮಾರು 308 ಮೀಟರಿನ ವೃತ್ತ ಎಳೆದರೆ ಆಯಿತು. ಹಳೆಯ ವೃತ್ತವೇ ಚಿಕ್ಕದಾಗುತ್ತದೆ, ಹಳೆಯ ಪದವೇ ಸಾಕಾಗುತ್ತದೆ.

ನವೀನ, ಬೆಂಗಳೂರು

ಪ್ರಸಾದ್ ಅವರೇ, ಒಟ್ಟು ವಿಸ್ತೀರ್ಣಕ್ಕೆ ನಿಮ್ಮ ಮಾತು ಬಹಳ ಸಮೀಪ ಬರುತ್ತದೆ. ಬೀದಿಗಳೆಲ್ಲ ಚದುರಂಗದ ಮಣೆಯಂತೆ ಒತ್ತೊತ್ತಾಗಿ ಅಡ್ಡಡ್ಡ, ಉದ್ದುದ್ದ ಇರುವ ಬಡಾವಣೆಯಲ್ಲಿ 400 ಮೀಟರ್ ನಡೆದು ಮುಟ್ಟಬಹುದಾದ ಪ್ರದೇಶ ವಜ್ರಾಕೃತಿಯಾಗಿ ಬರುತ್ತದೆ. ಅದರ ವಿಸ್ತೀರ್ಣ 32 ಹೆಕ್ಟೇರ್. 400 ಮೀಟರಿನ ವೃತ್ತದ್ದು ಸುಮಾರು 50 ಹೆಕ್ಟೇರ್. ಅಂದರೆ ಯಾವ ತಡೆಯೂ ಇಲ್ಲದ, ಅತ್ಯಂತ ಅಚ್ಚುಕಟ್ಟಾದ ಬಡಾವಣೆಯಲ್ಲಿಯೇ ವೃತ್ತದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗ ಸುಳ್ಳು. ನಿಮ್ಮ ಚಿಕ್ಕ ವೃತ್ತಕ್ಕೆ ಸುಮಾರು 30 ಹೆಕ್ಟೇರ್ ಬರುತ್ತದೆ, ಒಪ್ಪಿದೆ.

ಆದರೆ ನಾವು ಹುಡುಕುತ್ತಿರುವುದು ಯಾವ ಮನೆ ಒಳಗೆ, ಯಾವುದು ಹೊರಗೆ ಎಂಬುದನ್ನು. ನಿಲ್ದಾಣದ ರಸ್ತೆಯಲ್ಲಿಯೇ 380 ಮೀಟರ್ ನೇರಕ್ಕಿರುವ ಮನೆಯನ್ನು ಚಿಕ್ಕ ವೃತ್ತ ಹೊರಗೆ ತಳ್ಳುತ್ತದೆ, ಸ್ಕೈವಾಕ್ ಸುತ್ತಿ ಬರಬೇಕಾದ ಮನೆಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ತ್ರಿಜ್ಯ ಎಷ್ಟಾದರೂ ಇರಲಿ, ರೈಲು ಹಳಿ, ಕೆರೆ, ಕಾಂಪೌಂಡು ಗೋಡೆಗಳು ವೃತ್ತಕ್ಕೆ ಕಾಣುವುದಿಲ್ಲ.

ಗಣಪತಿ, ಶಿರಸಿ

ನಮ್ಮ ಕಡೆ ಇದನ್ನು ಹೇಳುವ ಮಾತೇ ಬೇರೆ. ಹಳ್ಳದಾಚೆಯ ಮನೆಯನ್ನು ಕೂಗಳತೆ ದೂರದಲ್ಲಿದೆ ಎನ್ನುತ್ತೇವೆ. ಇಲ್ಲಿಂದ ಕೂಗಿದರೆ ಅಲ್ಲಿ ಓಗೊಡುತ್ತಾರೆ. ಆದರೆ ಆ ಮನೆ ಎಷ್ಟು ಹೊತ್ತಿನ ಹಾದಿ ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಕೂಗು ಹಳ್ಳದ ಮೇಲೆ ಹಾದು ಹೋಗುತ್ತದೆ, ಕಾಲಿಗೆ ಸಂಕ ಬೇಕು.

ನಮ್ಮ ಕೇರಿಯಿಂದ ಬಸ್ಸು ನಿಲ್ಲುವ ಕ್ರಾಸಿಗೆ ಕಾಲುಸಂಕದ ಮೇಲೆ ಹತ್ತು ನಿಮಿಷದ ಹಾದಿ. ಆಷಾಢದಲ್ಲಿ ಹಳ್ಳ ತುಂಬಿ ಸಂಕ ಮುಳುಗಿದರೆ, ಇಲ್ಲವೇ ಅಡಿಕೆ ದಬ್ಬೆಗಳು ಕೊಚ್ಚಿ ಹೋದರೆ, ಡಾಂಬರು ರಸ್ತೆಯನ್ನು ಸುತ್ತಿ ಬರಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಶಾಲೆಯ ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿಯೇ ಉಳಿಯುತ್ತಾರೆ. ನಿಮ್ಮ ಲೆಕ್ಕ ಯಾವ ತಿಂಗಳಿನದು? ಬೇಸಿಗೆಯಲ್ಲಿ ನಕ್ಷೆ ಮಾಡಿ ನಮಗೆ ಬಸ್ಸಿದೆ ಎಂದು ಬರೆದುಬಿಟ್ಟರೆ ಅದು ನಾಲ್ಕು ತಿಂಗಳ ಮಟ್ಟಿಗೆ ಸುಳ್ಳಾಗುತ್ತದೆ. ಪದ ಯಾವುದಾದರೂ ಇರಲಿ, ಅದರಲ್ಲಿ "ಹಾದಿ" ಇರಬೇಕು ಎನ್ನುವುದು ನನ್ನ ಬೇಡಿಕೆ.

ವಸುಧಾ, ಧಾರವಾಡ

ಭೂಗೋಳ ಕಲಿಸುವವಳಾಗಿ ಒಂದು ಮಾತು. ಒಂದೇ ಉಷ್ಣಾಂಶದ ಸ್ಥಳಗಳನ್ನು ಸೇರಿಸುವ ಗೆರೆ ಸಮೋಷ್ಣ ರೇಖೆ, ಒಂದೇ ಒತ್ತಡದ್ದು ಸಮಭಾರ ರೇಖೆ. ಅದೇ ಜಾಡಿನಲ್ಲಿ ಒಂದೇ ಸಮಯ ಹಿಡಿಯುವ ಸ್ಥಳಗಳನ್ನು ಸೇರಿಸುವ ಗೆರೆಗೆ ಸಮಕಾಲ ರೇಖೆ ಎನ್ನಬಹುದು. ಕಲ್ಪನೆಯೇನೂ ಹೊಸದಲ್ಲ. ಫ್ರಾನ್ಸಿಸ್ ಗಾಲ್ಟನ್ 1881ರಲ್ಲಿ ಲಂಡನ್ನಿನಿಂದ ಜಗತ್ತಿನ ಬೇರೆಬೇರೆ ಭಾಗಗಳಿಗೆ ಎಷ್ಟು ದಿನದ ಪ್ರಯಾಣ ಎಂಬುದನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆ ಪ್ರಕಟಿಸಿದ್ದ. ಆದರೆ ಸುಮಾ, ಇದು ಗೆರೆಯ ಹೆಸರು. ಗೆರೆಯೊಳಗಿನ ಜಾಗಕ್ಕೆ ಇದನ್ನು ಬಳಸಬೇಡಿ.

ನವೀನ, ಬೆಂಗಳೂರು

ಗೆರೆ ಮತ್ತು ಜಾಗದ ವ್ಯತ್ಯಾಸವನ್ನು ವಸುಧಾ ಮೇಡಂ ಸರಿಯಾಗಿ ಹಿಡಿದರು. ಕೆಲಸದಲ್ಲಿ ಎಡವುವುದೂ ಅಲ್ಲಿಯೇ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದ `Service area (from point)` ಎಂಬ ಸಾಧನ ಕೊಡುವುದು ಪ್ರದೇಶವನ್ನಲ್ಲ, ಮುಟ್ಟಬಹುದಾದ ಬೀದಿಗಳ ಗೆರೆಗಳನ್ನು. ಅದನ್ನು ಪ್ರದೇಶ ಮಾಡಿಕೊಳ್ಳುವುದು ನಮ್ಮ ಹೊಣೆ. ಅವಸರದಲ್ಲಿ ಕೆಲವರು ಹೊರಗಿನ ತುದಿಗಳನ್ನೆಲ್ಲ ಸೇರಿಸಿ ಒಂದು ಆಕೃತಿ ಮಾಡಿಬಿಡುತ್ತಾರೆ. ಮಲ್ಲೇಶ್ವರದ ಸ್ಯಾಂಕಿ ಕೆರೆಯ ಬಳಿ ಹೀಗೆ ಮಾಡಿದರೆ ಕೆರೆಯ ನೀರೂ ಒಳಗೆ ಸೇರಿಕೊಳ್ಳುತ್ತದೆ, ದಾರಿಯಿಲ್ಲದ ಗೋಡೆಯ ಹಿಂದಿನ ಮನೆಗಳೂ ಸೇರುತ್ತವೆ. ಇಷ್ಟು ಕಷ್ಟಪಟ್ಟು ತೆಗೆದುಹಾಕಿದ ಸುಳ್ಳು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು. ಮುಟ್ಟಬಹುದಾದ ಬೀದಿಗಳ ಎರಡೂ ಬದಿಗೆ 25–30 ಮೀಟರ್, ಅಂದರೆ ಒಂದು ನಿವೇಶನದ ಆಳದಷ್ಟು, ಅಗಲ ಕೊಡುವುದು ಉತ್ತಮ. ಆಗ ಆಕೃತಿ ಬೆರಳು ಚಾಚಿದಂತೆ ಅಂಕುಡೊಂಕಾಗಿ ಕಾಣುತ್ತದೆ. ಅದು ಹಾಗೆಯೇ ಇರಬೇಕು.

ಇನ್ನೊಂದು ಎಡವಟ್ಟು ವೇಗದ್ದು. ಅದೇ ಸಾಧನದಲ್ಲಿ ಸಮಯದ ಲೆಕ್ಕ ಆರಿಸಿಕೊಂಡರೆ ಮೊದಲೇ ತುಂಬಿರುವ ವೇಗ ಗಂಟೆಗೆ 50 ಕಿಲೋಮೀಟರ್. ಅದನ್ನು 4.8ಕ್ಕೆ ಇಳಿಸಲು ಮರೆತರೆ ಐದು ನಿಮಿಷದ ನಡಿಗೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಇದು ಕಣ್ಣಿಗೆ ಥಟ್ಟನೆ ಬೀಳುವ ತಪ್ಪು. ಬೇಗ ಕಾಣದ ತಪ್ಪೆಂದರೆ ವಾಹನಗಳ ರಸ್ತೆಜಾಲವನ್ನೇ ನಡಿಗೆಗೂ ಬಳಸುವುದು. ಏಕಮುಖ ರಸ್ತೆಯಲ್ಲಿ ನಡೆಯುವವರು ಎರಡೂ ಕಡೆಗೆ ಹೋಗಬಲ್ಲರು, ಆದರೆ ಲೆಕ್ಕ ಅವರನ್ನೂ ಕಾರಿನಂತೆ ಸುತ್ತಿಸುತ್ತದೆ. ನಿಲ್ದಾಣದ ಚುಕ್ಕಿ ಪಕ್ಕದ ಬೀದಿಯ ಬದಲು ಮೇಲಿನ ಫ್ಲೈಓವರಿಗೆ ಅಂಟಿಕೊಂಡರೂ ಹೀಗೆಯೇ ಆಗುತ್ತದೆ. ನಿಲ್ದಾಣದ ಮಗ್ಗುಲಿನ ಓಣಿ ಖಾಲಿಯಿದ್ದು, ಪ್ರದೇಶ ಫ್ಲೈಓವರಿನುದ್ದಕ್ಕೆ ಮಾತ್ರ ಚಾಚಿದ್ದರೆ ಅನುಮಾನ ಪಡಿ.

ಗಣಪತಿಯವರೇ, ನಿಮ್ಮ ಪ್ರಶ್ನೆಗೆ ಉಪಾಯವಿದೆ. ಸಂಕವನ್ನು ಒಂದು ಕೊಂಡಿಯಾಗಿ ಗುರುತಿಸಿ, ಅದು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಲೆಕ್ಕ ಮಾಡಿ ಎರಡು ನಕ್ಷೆ ಕೊಡಬೇಕು. ತೊಂದರೆಯೆಂದರೆ ಕಾಲುಸಂಕಗಳು ಬಹಳಷ್ಟು ನಕ್ಷೆಗಳಲ್ಲಿ ಇಲ್ಲವೇ ಇಲ್ಲ. ಹಾಗಿದ್ದಲ್ಲಿ ಬೇಸಿಗೆಯ ಲೆಕ್ಕದಲ್ಲಿಯೂ ನಿಮ್ಮ ಕೇರಿ ಹೊರಗೇ ಉಳಿಯುತ್ತದೆ.

ಸುಮಾ, ಮೈಸೂರು

ಎಲ್ಲರಿಗೂ ಧನ್ಯವಾದ. ನಡೆದು ಮುಟ್ಟಬಹುದಾದ ಪ್ರದೇಶಕ್ಕೆ "ಹಾದಿಯ ನಿಲುಕು" ಎಂದು ಬರೆಯಲು ಯೋಚಿಸಿದ್ದೇನೆ: "ಈ ನಿಲ್ದಾಣದ ಐದು ನಿಮಿಷದ ಹಾದಿಯ ನಿಲುಕಿನಲ್ಲಿ ಇಷ್ಟು ಮನೆಗಳಿವೆ." ಅತಿ ಹತ್ತಿರದ ನಿಲ್ದಾಣಕ್ಕೆ ಹಂಚಿದ್ದಕ್ಕೆ "ನಿಲ್ದಾಣದ ಪಾಲು". ಗಡಿಗೆರೆಗೆ ವಸುಧಾ ಮೇಡಂ ಹೇಳಿದ ಸಮಕಾಲ ರೇಖೆ. ವೃತ್ತಕ್ಕೆ ಬಫರ್ ಎಂದೇ ಇಟ್ಟು, ಪಕ್ಕದಲ್ಲಿ ಕೂಗಳತೆಯ ಉದಾಹರಣೆ ಕೊಡುತ್ತೇನೆ.

ಪ್ರಸಾದ್, ಮಂಗಳೂರು

ನಿಲುಕು ಕೈಗೆ, ಬುದ್ಧಿಗೆ ಹೊಂದುವ ಪದ. ಕಾಲಿಗೆ ಹೊಂದುವುದಿಲ್ಲ. "ನಡಿಗೆ ವ್ಯಾಪ್ತಿ" ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನ ಮತ ಅದಕ್ಕೇ.

ವಸುಧಾ, ಧಾರವಾಡ

ನನಗೆ ನಿಲುಕು ಒಪ್ಪಿಗೆ. ಆದರೆ ಅದರ ಹಿಂದೆ "ಯಾರ" ಎಂಬುದು ಬರಲೇಬೇಕು. ನಿಮಿಷಕ್ಕೆ 80 ಮೀಟರ್ ಗಟ್ಟಿಮುಟ್ಟಾದವರ ನಡಿಗೆ. ಮೊಣಕಾಲು ನೋವಿರುವ ನನ್ನ ತಾಯಿಯಂಥವರಿಗೆ 50 ಎಂದು ಹಿಡಿದರೆ ಐದು ನಿಮಿಷಕ್ಕೆ 250 ಮೀಟರ್, ಅದೂ ಸ್ಕೈವಾಕ್ ಇಲ್ಲದ ಕಡೆ. ಕೈಪಿಡಿಯ ಆ ವಾಕ್ಯದಲ್ಲಿ ನಿಮಿಷದ ಜೊತೆಗೆ ವೇಗವನ್ನೂ ಬರೆಯುತ್ತೀರಾ?