ಅಪ್‌ಡೇಟ್: ಭಾವನ ಎಡ ಕಿಡ್ನಿಯ ರಕ್ತನಾಳದಲ್ಲಿ ಕ್ಲಾಟ್

ಕೇಳಿದ್ದು: "ಭಾವನಿಗೆ 44 ವರ್ಷ, ದಾವಣಗೆರೆಯಲ್ಲಿದ್ದಾರೆ. ಮೂತ್ರದಲ್ಲಿ ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 1.9 ಗ್ರಾಂ/ಡೆಸಿಲೀಟರ್. ಕ್ಲಾಟ್ ಆಗಿಲ್ಲ. ರಕ್ತ ತೆಳುವಾಗಿಸುವ ಔಷಧ ಈಗಲೇ ಬೇಕೇ?"

ಅಪ್‌ಡೇಟ್: ಔಷಧ ಶುರುವಾಗುವ ಮೊದಲೇ ಎಡ ಪಕ್ಕೆ ನೋವು ಬಂತು, ಮೂತ್ರ ಕೆಂಪಾಯಿತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಲಿಲ್ಲ, ಸಿಟಿಯಲ್ಲಿ ಎಡ ರೀನಲ್ ವೇನ್‌ನಲ್ಲಿ ಕ್ಲಾಟ್ ಕಂಡಿತು. ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ತುಂಡು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಿದಾಗಲೇ ಗೊತ್ತಾಗುತ್ತದೆ.

ಕಾರಣ ಇದು: ಹೆಪ್ಪುಗಟ್ಟುವುದನ್ನು ತಡೆಯುವ ಆಂಟಿಥ್ರಾಂಬಿನ್ ಆಲ್ಬುಮಿನ್ ಜೊತೆಗೇ ಮೂತ್ರದಲ್ಲಿ ಸೋರುತ್ತದೆ. ಲಿವರ್ ಮಾತ್ರ ಫೈಬ್ರಿನೋಜೆನ್ ಹೆಚ್ಚಿಸುತ್ತಲೇ ಇರುತ್ತದೆ. ಮೂತ್ರ ಹೆಚ್ಚಿಸಿ ಬಾವು ಇಳಿಸುವ ಮಾತ್ರೆ ಅತಿಯಾದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ.

ಕ್ಲಾಟ್ ಇಲ್ಲದವರಿಗೆ ಮುಂಜಾಗ್ರತೆಯ ಔಷಧದ ಯೋಚನೆ ಬರುವುದು ಆಲ್ಬುಮಿನ್ ಸುಮಾರು 2.5ಕ್ಕಿಂತ ಕೆಳಗಿಳಿದಾಗ, ಮುಖ್ಯವಾಗಿ ಮೆಂಬ್ರೇನಸ್‌ನಲ್ಲಿ. ಹಾಸಿಗೆ ಹಿಡಿದಿದ್ದರೆ, ಆಪರೇಷನ್ ಆಗಿದ್ದರೆ, ಬೊಜ್ಜಿದ್ದರೆ ತಕ್ಕಡಿ ಔಷಧ ಕೊಡುವ ಕಡೆ ವಾಲುತ್ತದೆ. ಹೊಟ್ಟೆಹುಣ್ಣಿನಿಂದ ರಕ್ತ ಹೋದವರಿಗೆ ಕೊಡದಿರುವ ಕಡೆ. ಲ್ಯಾಬ್ ಆಲ್ಬುಮಿನ್ ಅಳೆಯುವ ವಿಧಾನವನ್ನೂ ಕೇಳಿ: ಒಂದು ವಿಧಾನದ 2.5 ಇನ್ನೊಂದರಲ್ಲಿ 2.0 ಬರಬಹುದು.

ಭಾವನಿಗೆ ಈಗ ರಕ್ತ ತೆಳುವಾಗಿಸುವ ಹೆಪಾರಿನ್ ಜೊತೆಗೆ ವಾರ್ಫರಿನ್; ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಗುರಿ 2ರಿಂದ 3. ಹೆಪಾರಿನ್ ಕೆಲಸ ಮಾಡುವುದೇ ಆಂಟಿಥ್ರಾಂಬಿನ್ ಮೂಲಕ. ಅದು ಸೋರಿದ್ದರಿಂದ ಮಾಮೂಲಿ ಡೋಸ್ ಸಾಲದೆ ಹೋಗಬಹುದು. ಆಲ್ಬುಮಿನ್ ಏರಿಳಿದಂತೆ ವಾರ್ಫರಿನ್ ಪರಿಣಾಮವೂ ಬದಲಾಗುವುದರಿಂದ ಐಎನ್‌ಆರ್ ಪದೇ ಪದೇ ನೋಡಬೇಕು. ಕನಿಷ್ಠ 6 ತಿಂಗಳು, ಪ್ರೋಟೀನ್ ಸೋರಿಕೆ ನಿಲ್ಲದಿದ್ದರೆ ಇನ್ನೂ ಮುಂದಕ್ಕೆ. ನೋವಿಗೆಂದು ಮೆಡಿಕಲ್ ಶಾಪ್‌ನ ಡೈಕ್ಲೋಫೆನಾಕ್ ಖಂಡಿತ ಬೇಡ: ಕಿಡ್ನಿಗೂ ಪೆಟ್ಟು, ರಕ್ತಸ್ರಾವವೂ ಹೆಚ್ಚು.