ಮೈದಾನವಿಲ್ಲದ ಶಾಲೆಯಲ್ಲಿ ನಕ್ಷೆ ಪಾಠ: ಸ್ಕೇಲ್, ದಿಕ್ಕು ಹೇಗೆ ಕಲಿಸಿದ್ರಿ?

ಕೇಳಿದವರು: ಕನ್ನಡ ಮಾಧ್ಯಮ ಶಾಲೆಯ ಟೀಚರ್, ಮುಂಬೈ

ಆರನೇ ತರಗತಿಗೆ ಶಾಲೆಯ ಸುತ್ತಮುತ್ತಲ ನಕ್ಷೆ ಮಾಡಿಸಬೇಕು ಅಂತಿದ್ದೇನೆ. ನಮ್ಮದು ನಾಲ್ಕು ಮಹಡಿ ಕಟ್ಟಡ, ಮೈದಾನ ಇಲ್ಲ, ಎದುರಿಗೆ ಒಂದು ಗಲ್ಲಿ. ಬೆಳಗಿನ ಪಾಳಿ, ಹನ್ನೆರಡೂವರೆಗೆ ಶಾಲೆ ಬಿಡುತ್ತದೆ. ಉತ್ತರ ಎಲ್ಲಿ ಅಂದ್ರೆ ಅರ್ಧ ಮಕ್ಕಳು ಚಾವಣಿ ತೋರಿಸುತ್ತಾರೆ. ಸ್ಕೇಲ್ ಅಂತೂ ಲೆಕ್ಕದ ಪ್ರಶ್ನೆಯಾಗಿಯೇ ಉಳಿದಿದೆ. ದೀಪಾವಳಿ ರಜೆ ಮುಗಿದ ಮೇಲೆ ಶುರು ಮಾಡಬೇಕು. ಮಾಡಿಸಿದವರು ಅನುಭವ ಹೇಳಿ.

ಒಬ್ಬ ತಾಯಿ, ಥಾಣೆ

ಟೀಚರ್, ಭಾರತದ ಖಾಲಿ ನಕ್ಷೆಯ ಕಟ್ಟು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಮಗಳು ದಿನಾ ಒಂದೊಂದು ತುಂಬಿಸಿ ನದಿಗಳನ್ನೆಲ್ಲ ಕಲಿತಳು. ಪರೀಕ್ಷೆಗೆ ಅದೇ ಬರುತ್ತದೆ ಅಲ್ವಾ?

ಶಿಕ್ಷಕಿ, ಘಾಟ್ಕೋಪರ್

ಅಕ್ಕ, ಅವರು ಕೇಳಿದ್ದು ಬೇರೆ, ಮಕ್ಕಳೇ ಅಳತೆ ಮಾಡಿ ಬರೆಯುವ ನಕ್ಷೆ. ನಮ್ಮಲ್ಲಿ ಮಾಡಿಸಿದ್ದನ್ನು ಹೇಳುತ್ತೇನೆ.

ಮೊದಲು ಹೆಜ್ಜೆ. ಟೇಪ್ ಹಿಡಿದು ಗಲ್ಲಿಯಲ್ಲಿ ನಿಂತರೆ ರಿಕ್ಷಾದವರು ಹಾರ್ನ್ ಹಾಕಿಯೇ ಹಾಕುತ್ತಾರೆ. ಅದಕ್ಕೆ ಶಾಲೆಯ ಒಳಗೇ, ಕಾರಿಡಾರಿನಲ್ಲಿ 20 ಮೀಟರ್ ಹಗ್ಗ ಹಾಸಿ. ಪ್ರತಿ ಮಗುವೂ ಅದರ ಪಕ್ಕ ಮಾಮೂಲಿನಂತೆ ನಡೆದು ಹೆಜ್ಜೆ ಎಣಿಸಲಿ. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಕೆಲವರಿಗೆ 34 ಬರುತ್ತದೆ, ಕೆಲವರಿಗೆ 38. ನಮ್ಮ ಒಬ್ಬ ಹುಡುಗಿಗೆ 36 ಬಂತು, ಅಂದ್ರೆ ಹೆಜ್ಜೆಗೆ ಸುಮಾರು 55 ಸೆಂಟಿಮೀಟರ್. ಅದನ್ನು ಅವಳು ಪುಸ್ತಕದ ಒಳಮುಖಪುಟದಲ್ಲಿ ಬರೆದುಕೊಂಡಳು. ಇಲ್ಲಿ ಒಂದು ಎಚ್ಚರ ಬೇಕು. ಅಳೆಯುತ್ತಿದ್ದೇವೆ ಅಂತ ಗೊತ್ತಾದ ಕೂಡಲೇ ಮಕ್ಕಳು ಉದ್ದುದ್ದ ಹೆಜ್ಜೆ ಹಾಕುತ್ತಾರೆ. ಹೋಗುವಾಗಿನ ಎಣಿಕೆಗೂ ಬರುವಾಗಿನದಕ್ಕೂ ಮೂರಕ್ಕಿಂತ ಜಾಸ್ತಿ ಫರಕು ಇದ್ದರೆ ಅದೇ ಆಗಿದೆ ಅಂತ ತಿಳಿಯಿರಿ. ಅವರೊಂದಿಗೆ ಏನಾದರೂ ಮಾತಾಡುತ್ತ ನಡೆಸಿ, ಹೆಜ್ಜೆ ತಾನಾಗಿಯೇ ಸರಿಹೋಗುತ್ತದೆ.

ಆಮೇಲೆ ಗಲ್ಲಿ. ಗೇಟಿನಿಂದ ಬಸ್ ಸ್ಟಾಪಿನ ತಿರುವಿನವರೆಗೆ ಅದೇ ಹುಡುಗಿಗೆ 330 ಹೆಜ್ಜೆ ಬಂತು. ಗುಣಿಸಿದರೆ 181 ಮೀಟರ್ ಚಿಲ್ಲರೆ. 50 ಹೆಜ್ಜೆಗೊಂದು ಹುಣಸೆ ಬೀಜ ಬಲ ಜೇಬಿನಿಂದ ಎಡ ಜೇಬಿಗೆ ಹಾಕಿಕೊಳ್ಳಲು ಹೇಳಿ. ಇಲ್ಲದಿದ್ದರೆ ನೂರು ದಾಟಿದ ಮೇಲೆ ಎಣಿಕೆ ತಪ್ಪುತ್ತದೆ.

ಸ್ಕೇಲ್ ಯಾವುದು ಅಂತ ನಾವು ಹೇಳಿಬಿಟ್ಟರೆ ಪಾಠ ಅಲ್ಲಿಗೇ ಮುಗಿಯಿತು. ಅದನ್ನು ಅವರೇ ಆರಿಸಬೇಕು. ಗ್ರಾಫ್ ಹಾಳೆಯಲ್ಲಿ ಗೆರೆ ಇರುವ ಭಾಗ ಸುಮಾರು 18 ಸೆಂ.ಮೀ. ಅಗಲ. 1 ಸೆಂ.ಮೀ.ಗೆ 10 ಮೀಟರ್ ಇಟ್ಟರೆ ಗಲ್ಲಿಯೇ ಹಾಳೆ ತುಂಬುತ್ತದೆ, ಅದರ ಆಚೆಗಿನ ಅಂಗಡಿಗೆ ಜಾಗ ಇಲ್ಲ. 20 ಮೀಟರ್ ಇಟ್ಟರೆ 9 ಸೆಂ.ಮೀ., ಆರಾಮಾಗಿ ಕೂರುತ್ತದೆ. ಆದರೆ ಆಗ 6 ಮೀಟರಿನ ನಮ್ಮ ತರಗತಿ 3 ಮಿಲಿಮೀಟರ್ ಆಗಿಬಿಡುತ್ತದೆ! "ಟೀಚರ್, ನಮ್ಮ ಕ್ಲಾಸಲ್ಲಿ ಬೆಂಚು ಎಲ್ಲಿ ಹಾಕೋದು?" ಅಂತ ಕೇಳಿದರು. ಹಾಗಾಗಿ ಎರಡು ನಕ್ಷೆ ಮಾಡಿಸಿದೆ. ತರಗತಿಗೆ 1 ಸೆಂ.ಮೀ.ಗೆ 1 ಮೀಟರ್, ಗಲ್ಲಿಗೆ 1 ಸೆಂ.ಮೀ.ಗೆ 20 ಮೀಟರ್. ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ಸ್ಕೇಲ್ ಯಾಕೆ ಬದಲಾಗಬೇಕು ಅಂತ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಬ್ಯಾಂಕ್ ನೌಕರ, ಮಲಾಡ್

ದಿಕ್ಕಿನ ವಿಷಯಕ್ಕೆ ಮುಂಬೈ ಮಕ್ಕಳಿಗೆ ಇಷ್ಟೆಲ್ಲ ಕಷ್ಟ ಯಾಕೆ? ಮಲಾಡ್ ಈಸ್ಟ್, ಮಲಾಡ್ ವೆಸ್ಟ್ ಅಂತ ದಿನಾ ಬಾಯಲ್ಲಿ ಇರುತ್ತದೆ. ರೈಲು ಹಳಿ ಉತ್ತರ-ದಕ್ಷಿಣ, ಒಂದು ಪಕ್ಕ ಪೂರ್ವ, ಇನ್ನೊಂದು ಪಶ್ಚಿಮ. ಚರ್ಚ್‌ಗೇಟ್ ಕಡೆ ದಕ್ಷಿಣ. ಇಷ್ಟು ಸಾಕು.

ಟ್ಯೂಷನ್ ಹೇಳಿಕೊಡುವವರು, ಡೊಂಬಿವಲಿ

ಸರ್, ನಿಮ್ಮ ಪಶ್ಚಿಮ ರೈಲ್ವೆ ದಾರಿಯಲ್ಲಿ ಅದು ಹೆಚ್ಚುಕಡಿಮೆ ಸರಿ. ನಮ್ಮಲ್ಲಿ ಸರಿಯಲ್ಲ. ಥಾಣೆ ದಾಟಿದ ಮೇಲೆ ಹಳಿ ಪೂರ್ವಕ್ಕೆ ತಿರುಗುತ್ತದೆ, ದಿವಾ ಬಿಟ್ಟ ಮೇಲೆ ಈಶಾನ್ಯದ ಕಡೆ ಕಲ್ಯಾಣಕ್ಕೆ ಹೋಗುತ್ತದೆ. ಹಾಗಾಗಿ ಡೊಂಬಿವಲಿ ಈಸ್ಟ್ ಅನ್ನುವುದು ನಿಜದಲ್ಲಿ ಹಳಿಯ ದಕ್ಷಿಣ-ಆಗ್ನೇಯಕ್ಕಿದೆ. ವೆಸ್ಟ್ ಇರುವುದು ವಾಯವ್ಯದ ಕಡೆ. ನನ್ನ ಹತ್ತಿರ ಬರುವ ಮಕ್ಕಳು ಸ್ಟೇಷನ್ ಬೋರ್ಡನ್ನೇ ನಂಬಿ ನಕ್ಷೆ ಬರೆದರು. ಸಂಜೆ ಸೂರ್ಯ ಇವರ ದಕ್ಷಿಣದಲ್ಲಿ ಮುಳುಗಿದ ಹಾಗಾಯಿತು! ಈಸ್ಟ್, ವೆಸ್ಟ್ ಅನ್ನುವುದು ಸ್ಟೇಷನ್ನಿನ ಎರಡು ಬದಿಯ ಹೆಸರು ಅಂತ ಮೊದಲೇ ಬೇರ್ಪಡಿಸಿ ಹೇಳಿ. ಮಲಾಡಿನವರಿಗೂ ಹೇಳಿ, ಅವರ ಮಕ್ಕಳು ನಾಳೆ ಇಲ್ಲಿಗೆ ಮನೆ ಬದಲಾಯಿಸಬಹುದು.

ನಿವೃತ್ತ ಸರ್ವೇಯರ್, ಪುಣೆ

ಟೀಚರಮ್ಮ, ಉತ್ತರವನ್ನು ಮಕ್ಕಳೇ ಕಂಡುಹಿಡಿಯಲಿ. ಟೆರೇಸಿಗೆ ಹೋಗಿ. ಮರಳು ತುಂಬಿದ ಡಬ್ಬಿಯಲ್ಲಿ ಒಂದು ನೇರ ಕೋಲು ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ವಾಲಿಲ್ಲ ಅಂತ ನೋಡಿಕೊಳ್ಳಿ. ಹನ್ನೊಂದೂವರೆಗೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಕೋಲಿನ ಬುಡವನ್ನು ಕೇಂದ್ರ ಮಾಡಿ ಆ ಗುರುತಿನ ಮೇಲೆ ಹಾಯುವಂತೆ ವೃತ್ತ ಎಳೆಯಿರಿ. ನೆರಳು ಮೊದಲು ಚಿಕ್ಕದಾಗಿ, ಮತ್ತೆ ಬೆಳೆದು, ಆ ವೃತ್ತವನ್ನು ಇನ್ನೊಂದು ಕಡೆ ಮುಟ್ಟುತ್ತದೆ. ಅಲ್ಲಿ ಎರಡನೇ ಗುರುತು. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದರ ನಡುವಿನಿಂದ ಕೋಲಿಗೆ ಎಳೆದದ್ದು ಉತ್ತರ-ದಕ್ಷಿಣ.

ಸೂರ್ಯ ಹುಟ್ಟುವ ಕಡೆ ಪೂರ್ವ ಅಂತ ಕೈ ತೋರಿಸಿದರೆ ಸಾಲದು. ನವೆಂಬರ್ ನಡುವಿನಲ್ಲಿ ಮುಂಬೈಯಲ್ಲಿ ಸೂರ್ಯ ನಿಜವಾದ ಪೂರ್ವದಿಂದ ಸುಮಾರು 20 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಅಷ್ಟು ತಿರುಗಿದ ನಕ್ಷೆಯಲ್ಲಿ 181 ಮೀಟರಿನ ಗಲ್ಲಿಯ ಕೊನೆ 60 ಮೀಟರಿನಷ್ಟು ಪಕ್ಕಕ್ಕೆ ಹೋಗಿಬಿಡುತ್ತದೆ.

ನಿಮ್ಮ ಪಾಳಿಯ ತೊಂದರೆ ಒಂದಿದೆ. ಮುಂಬೈಯಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಮುಂಬೈ ಇರುವುದು ಸುಮಾರು 72.9ರಲ್ಲಿ. ನವೆಂಬರ್ ಮೊದಲ ವಾರದಲ್ಲಿ ಅಲ್ಲಿನ ನಡು ಮಧ್ಯಾಹ್ನ 12.22ರ ಆಸುಪಾಸು, ಫೆಬ್ರುವರಿಯಲ್ಲಾದರೆ 12.50 ದಾಟುತ್ತದೆ. ಅಂದ್ರೆ ಎರಡನೇ ಗುರುತು ಬೀಳುವುದು ಒಂದೂಕಾಲರ ಹೊತ್ತಿಗೆ. ಆಗ ನಿಮ್ಮ ಮಕ್ಕಳು ಮನೆಯಲ್ಲಿ.

ಕೇಳಿದವರು, ಮುಂಬೈ

ಸರ್, ನಮ್ಮ ಕಟ್ಟಡದಲ್ಲೇ ಮಧ್ಯಾಹ್ನ ಮರಾಠಿ ಪಾಳಿ ನಡೆಯುತ್ತದೆ. ಮೊದಲ ಗುರುತು ನಾವು ಹಾಕಿ, ಎರಡನೆಯದನ್ನು ಅವರ ಆರನೇ ತರಗತಿ ಹಾಕಿದರೆ?

ನಿವೃತ್ತ ಸರ್ವೇಯರ್, ಪುಣೆ

ಬಹಳ ಒಳ್ಳೆಯ ದಾರಿ. ಡಬ್ಬಿ ಮಾತ್ರ ಕದಲಬಾರದು. ಅದರ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದಿಡಿ, ಕದಲಿದರೆ ಗೊತ್ತಾಗುತ್ತದೆ. ಮರುದಿನ ನಿಮ್ಮ ಮಕ್ಕಳು ಎರಡೂ ಗುರುತು ಸೇರಿಸಲಿ.

ಶಿಕ್ಷಕಿ, ಘಾಟ್ಕೋಪರ್

ಸರ್, ಇಷ್ಟಕ್ಕೆ ದಿಕ್ಸೂಚಿ ಸಾಲದೇ? ನಾವು ಅದನ್ನೇ ಬಳಸಿದ್ದು. ಎರಡು ಪೀರಿಯಡ್ಡಿನಲ್ಲಿ ಕೋಲು-ನೆರಳು ಮುಗಿಯುವುದಿಲ್ಲ.

ನಿವೃತ್ತ ಸರ್ವೇಯರ್, ಪುಣೆ

ಸಾಲುತ್ತದೆ. ಮುಂಬೈಯಲ್ಲಿ ಸೂಜಿ ತೋರಿಸುವ ಉತ್ತರಕ್ಕೂ ನಿಜ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ಅಂತರ ಇಲ್ಲ. ಕೆಡಿಸುವುದು ಸುತ್ತಲಿನ ಕಬ್ಬಿಣ. ತರಗತಿಯ ಬೆಂಚು, ಕಪಾಟು, ಕಿಟಕಿ ಸರಳು, ಚಾವಣಿಯೊಳಗಿನ ಕಂಬಿ. ಕೊಲಾಬಾದ ಕಾಂತ ವೀಕ್ಷಣಾಲಯದ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದ್ದು ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಅನ್ನುವ ಕಾರಣಕ್ಕೇ. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡ್ ಇದೆಯಲ್ಲ, ಅದರ ಉಕ್ಕಿನ ಕ್ಲಿಪ್ ಸಹ ಸೂಜಿಯನ್ನು ಎಳೆಯುತ್ತದೆ. ದಿಕ್ಸೂಚಿಯನ್ನು ಕ್ಲಿಪ್ಪಿನಿಂದ ದೂರದ ತುದಿಯಲ್ಲಿ ಇಡಿ. ಒಂದೇ ಗೋಡೆಯ ಉದ್ದಕ್ಕೂ ಮೂರು ಜಾಗದಲ್ಲಿ ಇಟ್ಟು ನೋಡಿ. ಗೋಡೆಗೂ ಸೂಜಿಗೂ ನಡುವಿನ ಕೋನ ಮೂರು ಕಡೆಯೂ ಒಂದೇ ಇದ್ದರೆ ನಂಬಬಹುದು.

ಅದೇ ಪ್ಯಾಡಿನ ಮೇಲೆ ಹಾಳೆ ಸಿಕ್ಕಿಸಿ, ಹಾಳೆಯ ಉತ್ತರ ಬಾಣ ಸೂಜಿಗೆ ಸರಿಯಾಗುವಂತೆ ಪ್ಯಾಡನ್ನೇ ತಿರುಗಿಸಿ. ಆಮೇಲೆ ಪಟ್ಟಿಯನ್ನು ಗಲ್ಲಿಯ ಕಡೆಗೆ ಹಿಡಿದು ಗೆರೆ ಎಳೆಯಲಿ. ಗಲ್ಲಿ ಓರೆಯಾಗಿದ್ದರೆ ಹಾಳೆಯ ಮೇಲೂ ಓರೆಯಾಗಿಯೇ ಬರುತ್ತದೆ. ಉತ್ತರ ಚಾವಣಿಯ ಕಡೆ ಅನ್ನುವ ಗೊಂದಲವೂ ಇಲ್ಲೇ ಹೋಗುತ್ತದೆ, ಯಾಕಂದ್ರೆ ನಕ್ಷೆ ಗೋಡೆಯ ಮೇಲಿಲ್ಲ, ಕೈಯಲ್ಲಿ ಅಡ್ಡಲಾಗಿ ಇದೆ.

ಸಾಧ್ಯವಾದರೆ ಇಡೀ ಬ್ಲಾಕ್ ಒಂದು ಸುತ್ತು ಹಾಕಿಸಿ. ಹೊರಟ ಗೇಟಿಗೇ ಮರಳಿದಾಗ ಹಾಳೆಯ ಮೇಲಿನ ಗೆರೆಯೂ ಅಲ್ಲಿಗೇ ಬಂದು ಸೇರಬೇಕು. ನಾಲ್ಕೈದು ನೂರು ಮೀಟರಿನ ಸುತ್ತಿಗೆ 3 ಮಿ.ಮೀ. ಬಾಕಿ ಉಳಿದರೆ ಅದು 6 ಮೀಟರ್, ಹೆಜ್ಜೆ ಲೆಕ್ಕಕ್ಕೆ ಚೆನ್ನಾಗಿದೆ. 2 ಸೆಂ.ಮೀ. ಉಳಿದರೆ ಯಾರೋ ಒಂದು ಬೀಜ ಮರೆತಿದ್ದಾರೆ ಅಥವಾ ಒಂದು ತಿರುವಿನಲ್ಲಿ ಪ್ಯಾಡ್ ತಿರುಗಿಸಿಲ್ಲ. ರಬ್ಬರ್ ತಗೊಂಡು ಸುಮ್ನೆ ಕೂಡಿಸಲು ಬಿಡಬೇಡಿ, ಯಾವ ಬದಿಯಲ್ಲಿ ತಪ್ಪಿತು ಅಂತ ಹುಡುಕಿಸಿ.

ವಾಸ್ಕೋದಿಂದ ಒಬ್ಬರು, ಗೋವಾ

ನಮ್ಮ ಶಾಲೆ ಗುಡ್ಡದ ಇಳಿಜಾರಿನಲ್ಲಿದೆ. ಕೆಳಗಿನ ರಸ್ತೆಯಿಂದ ಮೇಲಕ್ಕೆ ಹೆಜ್ಜೆ ಎಣಿಸಿದರೆ ನಕ್ಷೆಯಲ್ಲಿ ದೂರ ಯಾವಾಗಲೂ ಜಾಸ್ತಿ ಬರುತ್ತಿತ್ತು. ಹತ್ತುವಾಗ ಹೆಜ್ಜೆ ಚಿಕ್ಕದಾಗುತ್ತದೆ, ಅದು ಒಂದು. ನಕ್ಷೆಗೆ ಬೇಕಾದ್ದು ಮೇಲಿನಿಂದ ನೋಡಿದಾಗ ಕಾಣುವ ಅಡ್ಡ ದೂರ, ಅದು ಇನ್ನೊಂದು. 20 ಡಿಗ್ರಿ ಇಳಿಜಾರಿನಲ್ಲಿ 100 ಮೀಟರ್ ನಡೆದರೆ ನಕ್ಷೆಗೆ 94 ಮಾತ್ರ. ಹೆಜ್ಜೆಯ ಅಳತೆಯನ್ನು ಇಳಿಜಾರಿನಲ್ಲೇ ಬೇರೆಯಾಗಿ ತೆಗೆದ ಮೇಲೆ ಸಾಕಷ್ಟು ಸುಧಾರಿಸಿತು. ಮೆಟ್ಟಿಲುಗಳನ್ನು ಏನು ಮಾಡಬೇಕು ಅನ್ನುವುದಕ್ಕೆ ನನಗೆ ಇನ್ನೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ಶಿಕ್ಷಕಿ, ಘಾಟ್ಕೋಪರ್

ಒಂದು ಮಾತು ಬಿಟ್ಟುಹೋಗಿತ್ತು. ಮಕ್ಕಳ ನಕ್ಷೆಯನ್ನು ಗೋಡೆಗೆ ಹಾಕಲು ಎ4ರಿಂದ ಎ3ಗೆ ದೊಡ್ಡದು ಮಾಡಿ ಝೆರಾಕ್ಸ್ ತೆಗೆಸುತ್ತೇವೆ. ಮೂಲೆಯಲ್ಲಿ "1 ಸೆಂ.ಮೀ. = 20 ಮೀಟರ್" ಅಂತ ಬರೆದಿರುತ್ತದೆ. ದೊಡ್ಡದಾದ ಹಾಳೆಯಲ್ಲಿ ಅದೇ ಗಲ್ಲಿ 9ರ ಬದಲು 12.8 ಸೆಂ.ಮೀ. ಆಗಿರುತ್ತದೆ. ಪಟ್ಟಿ ಇಟ್ಟು ಲೆಕ್ಕ ಹಾಕಿದ ಮಗುವಿಗೆ ಗಲ್ಲಿ 256 ಮೀಟರ್ ಅಂತ ಬರುತ್ತದೆ. ಗಲ್ಲಿ ರಾತ್ರಿಯಲ್ಲಿ ಬೆಳೆಯಿತಾ ಅಂತ ಕೇಳಿ ನೋಡಿ, ಕಾರಣವನ್ನು ಅವರೇ ಹುಡುಕುತ್ತಾರೆ. ಅಕ್ಷರದ ಪಕ್ಕದಲ್ಲಿ 0, 20, 40 ಮೀಟರ್ ಅಂತ ಗುರುತು ಮಾಡಿದ ಒಂದು ಗೆರೆಯನ್ನೂ ಎಳೆಸಿರಿ. ಝೆರಾಕ್ಸಿನಲ್ಲಿ ನಕ್ಷೆ ಎಷ್ಟು ಹಿಗ್ಗುತ್ತದೋ ಆ ಗೆರೆಯೂ ಅಷ್ಟೇ ಹಿಗ್ಗುತ್ತದೆ, ಅಳತೆ ಕೆಡುವುದಿಲ್ಲ.

ಬ್ಯಾಂಕ್ ನೌಕರ, ಮಲಾಡ್

ಡೊಂಬಿವಲಿ ವಿಷಯ ನನಗೆ ಹೊಳೆದಿರಲಿಲ್ಲ, ಸರಿ. ಆದರೆ ಫೋನಿನಲ್ಲಿ ಗೂಗಲ್ ಮ್ಯಾಪ್ ತೆರೆದರೆ ಉತ್ತರ, ಅಳತೆ ಎಲ್ಲ ತಯಾರಾಗಿ ಇರುತ್ತದಲ್ಲ. ಇಷ್ಟು ಸುತ್ತಾಟ ಬೇಕೇ?

ಟ್ಯೂಷನ್ ಹೇಳಿಕೊಡುವವರು, ಡೊಂಬಿವಲಿ

ಕೊನೆಯಲ್ಲಿ ತೋರಿಸಿ ಸರ್, ಮೊದಲು ಬೇಡ. ಹಿಗ್ಗಿಸಿದಾಗ ಮೂಲೆಯ ಅಳತೆ ಗೆರೆ 50 ಮೀಟರಿಂದ 20ಕ್ಕೆ ಬದಲಾಗುವುದನ್ನು ಝೆರಾಕ್ಸ್ ಪಾಠ ಆದ ಮೇಲೆ ನೋಡಿದರೆ ಮಕ್ಕಳಿಗೆ ಅರ್ಥ ಆಗುತ್ತದೆ.

ನಿವೃತ್ತ ಸರ್ವೇಯರ್, ಪುಣೆ

ನಾನು ಇದನ್ನು ಒಪ್ಪುವುದಿಲ್ಲ. ಮೊದಲೇ ಫೋನ್ ತೋರಿಸಿ, ಅದರಲ್ಲಿ ತಮ್ಮ ಗೇಟು ಎಲ್ಲಿದೆ ಅಂತ ಮಕ್ಕಳು ಹುಡುಕಲಿ, ಆಮೇಲೆ ಗಲ್ಲಿಗಿಳಿಯಲಿ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಅಳತೆ ಚೆನ್ನಾಗಿ ಬರುತ್ತದೆ.

ಕೇಳಿದವರು, ಮುಂಬೈ

ಎರಡು ತಂಡ ಮಾಡುತ್ತೇನೆ, ಒಂದಕ್ಕೆ ಫೋನ್ ಮೊದಲು, ಇನ್ನೊಂದಕ್ಕೆ ಕೊನೆಗೆ. ಕೋಲು-ನೆರಳಿಗೆ ಮಧ್ಯಾಹ್ನದ ಪಾಳಿಯ ಟೀಚರ್ ಒಪ್ಪಿದ್ದಾರೆ. ಬ್ಲಾಕ್ ಸುತ್ತುವುದಕ್ಕೆ ಇನ್ನೊಬ್ಬ ಟೀಚರ್ ಜೊತೆಗೆ ಬೇಕು, ಒಂದು ಬದಿಯಲ್ಲಿ ಫುಟ್‌ಪಾತ್ ಇಲ್ಲ. ಆ ಬದಿಯನ್ನು ಟೆರೇಸಿನಿಂದ ನೋಡಿ ಅಂದಾಜು ಮಾಡಿಸಬಹುದೇ? ಯಾರಾದರೂ ಹಾಗೆ ಮಾಡಿದ್ದರೆ ಹೇಳಿ.