ಓದುಗರ ಸ್ಪಂದನ: ಮಗುವಿನ ಹಿಂತಲೆ ಬೋಳಾಗಿದೆ

‘ಐದು ತಿಂಗಳ ಮಗನ ಹಿಂತಲೆಯಲ್ಲಿ ಕೂದಲೇ ಇಲ್ಲ. ಅಂಗಾತ ಮಲಗಿಸುವುದನ್ನು ಬಿಡಬೇಕಾ?’ ಎಂದು ಕೇಳಿದ್ದ ತಾಯಿಗೆ ಬಂದ ಉತ್ತರಗಳಿವು.

ಮಕ್ಕಳ ವಾರ್ಡಿನ ನರ್ಸ್ ಒಬ್ಬರು:
ಅಂಗಾತ ಮಲಗಿಸುವುದನ್ನು ಮಾತ್ರ ಬಿಡಬೇಡಿ. ನಿದ್ದೆಯಲ್ಲಿ ಕೂಸಿಗೆ ಸುರಕ್ಷಿತ ಭಂಗಿ ಅದೇ. ಕೂದಲು ಹೋಗಿದ್ದಕ್ಕೆ ಹಾಸಿಗೆಯೊಂದನ್ನೇ ದೂರುವಂತೆಯೂ ಇಲ್ಲ. ತಲೆಯ ಬೇರೆ ಕಡೆಯ ಕೂದಲು ಹೊಟ್ಟೆಯೊಳಗಿರುವಾಗಲೇ ಒಂದು ಸಲ ಉದುರಿ ಮತ್ತೆ ಬಂದಿರುತ್ತದೆ. ಹಿಂತಲೆಯ ಕೂದಲು ಮಾತ್ರ ಹೆರಿಗೆ ಹತ್ತಿರವಾಗುವ ತನಕ ಬೆಳೆಯುತ್ತಲೇ ಇದ್ದು, ಆಮೇಲೆ ಎಲ್ಲ ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಎರಡು ಮೂರು ತಿಂಗಳಿಗೆ ಅದೆಲ್ಲ ಬುಡದಲ್ಲೇ ಸಡಿಲ. ತಲೆ ಉಜ್ಜಿದಾಗ ಉದುರುವುದು ಈ ಕೂದಲೇ. ಬೆಳಕಿಗೆ ಹಿಡಿದು ನೋಡಿ. ಚರ್ಮ ಕೆಂಪಾಗದೆ, ಹೊಟ್ಟು ಏಳದೆ ನಯವಾಗಿದ್ದರೆ ಚಿಂತೆ ಬೇಡ. ಮಗು ಎದ್ದು ಕೂರಲು ಕಲಿತ ಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಎಣ್ಣೆ, ಲೇಪ ಏನೂ ಬೇಕಿಲ್ಲ.

ಎಂಟು ತಿಂಗಳ ಮಗುವಿನ ಚಿಕ್ಕಮ್ಮ:
ಬೋಳು ಸರಿಯಾಗಿ ಹಿಂದೆ, ನಡುವೆ ಇದೆಯಾ, ಇಲ್ಲಾ ಒಂದೇ ಪಕ್ಕಕ್ಕಿದೆಯಾ? ನಮ್ಮಕ್ಕನ ಮಗುವಿಗೆ ಬಲಗಿವಿಯ ಹಿಂದೆ ಮಾತ್ರ ಹೋಗಿತ್ತು. ಎತ್ತಿಕೊಂಡರೂ ಮಲಗಿಸಿದರೂ ಮುಖ ಬಲಕ್ಕೇ. ಎಡಗಡೆ ಗಿಲಕಿ ಆಡಿಸಿದರೆ ಕಣ್ಣು ಬರುತ್ತಿತ್ತು, ಕತ್ತು ಬರುತ್ತಿರಲಿಲ್ಲ. ಮೇಲಿನಿಂದ ನೋಡಿದರೆ ಆ ಬದಿ ಚಪ್ಪಟೆ, ಬಲಗಿವಿ ಸ್ವಲ್ಪ ಮುಂದಕ್ಕೆ. ಕತ್ತಿನ ಎಡಭಾಗದ ಸ್ನಾಯು ಬಿಗಿಯಾಗಿದೆ ಎಂದರು ಡಾಕ್ಟರು. ಅದು ಬಿಗಿಯಾದರೆ ಗಲ್ಲ ಎದುರು ಬದಿಗೆ ತಿರುಗುತ್ತದಂತೆ. ಫಿಸಿಯೋಥೆರಪಿಸ್ಟ್ ಕತ್ತು ಹೇಗೆ ತಿರುಗಿಸಬೇಕು ಅಂತ ಅಕ್ಕನಿಗೆ ಕಲಿಸಿಕೊಟ್ಟರು. ಎಚ್ಚರವಿದ್ದಾಗ ಎದುರೇ ಕೂತು, ದಿನಕ್ಕೆ ಹಲವು ಸಲ ಸ್ವಲ್ಪ ಹೊತ್ತು ಬೋರಲು ಹಾಕುತ್ತಿದ್ದಳು. ತೊಟ್ಟಿಲಲ್ಲಿ ತಲೆಯ ದಿಕ್ಕನ್ನೂ ಬದಲಿಸಿದಳು. ಹೀಗೆ ಕತ್ತು ತಿರುಗದಿದ್ದರೆ ಕಾಯಬೇಡಿ, ಬೇಗ ತೋರಿಸಿದಷ್ಟೂ ಸುಲಭ. ನೀವಾಗಿಯೇ ಕತ್ತು ಎಳೆದು ನೋಡಲೂ ಬೇಡಿ.

ಎರಡೂವರೆ ವರ್ಷದವಳ ಅಪ್ಪ:
ಮುಂದೆ ನಿಮಗೂ ಕೇಳಿಬರುತ್ತದೆ, ಈಗಲೇ ಹೇಳಿಬಿಡುತ್ತೇನೆ: ‘ಬೋಳಿಸಿ, ದಟ್ಟವಾಗಿ ಬರುತ್ತೆ.’ ಬರಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತದೆ ಅಷ್ಟೆ, ಬುಡಕ್ಕೆ ಅದು ಗೊತ್ತೇ ಆಗುವುದಿಲ್ಲ. ನನ್ನ ಮಗಳಿಗೆ ತಲೆ ಪೂರ್ತಿ ತೆಳು, ಆದರೆ ಎಲ್ಲ ಕಡೆ ಒಂದೇ ಥರ. ಊಟ, ತೂಕ, ಆಟ ಎಲ್ಲ ಸರಿ ಇರುವುದರಿಂದ ಸುಮ್ನೆ ಕಾಯಿರಿ ಎಂದಿದ್ದಾರೆ.

ನಡೆಯುವ ವಯಸ್ಸಿನ ಮಗುವಿಗೆ ಹೊಸದಾಗಿ ಮಚ್ಚೆಯಂತೆ ಬೋಳಾದರೆ ಮಾತ್ರ ಬೇರೆ ವಿಷಯ. ಅದು ಹಾಸಿಗೆ ಉಜ್ಜಾಟವಲ್ಲ. ಹೊಟ್ಟು, ತುಂಡಾದ ಕೂದಲ ಕಪ್ಪು ಚುಕ್ಕೆಗಳು ಕಂಡರೆ ಹುಳುಕಡ್ಡಿ ಇರಬಹುದು. ಆ ಶಿಲೀಂಧ್ರ ಕೂದಲಿನೊಳಗೇ ಸೇರಿರುವುದರಿಂದ ಮುಲಾಮು ಸಾಲುವುದಿಲ್ಲ, ಕೆಲವು ವಾರ ಹೊಟ್ಟೆಗೆ ಔಷಧಿ ಕೊಡಬೇಕು. ನಾಣ್ಯದಷ್ಟು ಗುಂಡಗೆ, ನುಣ್ಣಗೆ ಬೋಳಾಗಿದ್ದರೆ ಅದು ಮತ್ತೊಂದು ಕಾಯಿಲೆ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಜುಟ್ಟನ್ನು ಬಿಗಿಯಾಗಿ ಕಟ್ಟುವವರ ಮಕ್ಕಳಿಗೆ ಹಣೆಯಂಚಲ್ಲಿ ಹೋಗುತ್ತದೆ. ಸಡಿಲ ಮಾಡಿದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ.